ಐದು ಮಂಗಳವಾರದ ತಿಂಗಳು

ವರ್ಷಕ್ಕೊಮ್ಮೆ ಬರುವ ಖರ್ಚು ಕಳ್ಳನ ಹಾಗೆ ಬಂದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಕಳ್ಳ ತಾರೀಖು ಹೇಳಿ ಬಂದಿದ್ದಾನೆ? ಶಾಲೆ ಫೀಸಿಗೆ ತಾರೀಖಿದೆ. ಅಂಗಡಿ ವಿಮೆಗೆ ತಾರೀಖಿದೆ. ಹಬ್ಬವಂತೂ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲೇ ಅಚ್ಚಾಗಿ ಗೋಡೆಯ ಮೇಲೆ ವರ್ಷಪೂರ್ತಿ ನೇತಾಡುತ್ತದೆ. ಆದರೂ ನಮ್ಮ ಮನೆಯಲ್ಲಿ ಪ್ರತಿ ಸಲವೂ ಅಪ್ಪ ಹಣೆಗೆ ಕೈಹಚ್ಚಿ, ಅರೆ, ಬಂದೇಬಿಡ್ತಲ್ಲ ಎನ್ನುತ್ತಿದ್ದ.

ಅಪ್ಪನದು ಕ್ಷೌರದಂಗಡಿ. ಮೂರು ಕುರ್ಚಿ, ಒಂದು ಉದ್ದದ ಕನ್ನಡಿ, ಮೂಲೆಯಲ್ಲಿ ಸದಾ ಕೊರ ಕೊರ ಎನ್ನುವ ಫ್ಯಾನು. ಒಂದನೇ ಕುರ್ಚಿ ಅಪ್ಪನದು, ಎರಡನೆಯದು ನನ್ನದು, ಮೂರನೆಯದರ ಕಾಲು ಮುರಿದು ನಾಲ್ಕು ವರ್ಷವಾಗಿದ್ದರಿಂದ ಅದು ಪೇಪರ್ ಓದಲು ಬರುವವರದು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆ ವರ್ಷ ಫೀಸಿನ ಕೊನೆ ದಿನವೂ ಅಂಗಡಿಯ ಬಾಕಿ ಬಾಡಿಗೆ ಕಟ್ಟುವ ದಿನವೂ ಒಂದೇ ವಾರದಲ್ಲಿ ಬಿದ್ದವು. ಅಪ್ಪ ಅಂಗಡಿಯದನ್ನು ಕಟ್ಟಿದ. ನನ್ನನ್ನು ಆಫೀಸಿನ ಕಿಟಕಿಯ ಹೊರಗೆ, ಒಳಗಿದ್ದವರೆಲ್ಲ ನೋಡುವ ಹಾಗೆ, ಎರಡು ತಾಸು ನಿಲ್ಲಿಸಿದರು. ಹದಿನೈದು ದಿನ ಬಿಟ್ಟು ಅಪ್ಪ ದುಡ್ಡು ಹೊಂದಿಸಿ ತಂದಾಗ ನಾನು ಹೋಗೆನೆಂದೆ. ಬೇಡಿಕೊಂಡ, ಬೈದ, ಒಂದು ದಿನ ಊಟ ಬಿಟ್ಟ. ನಾನು ಜಗ್ಗಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಯಾರ ಮೇಲೆ ಎನ್ನುವುದು ಮಾತ್ರ ಆಗಾಗ ಬದಲಾಗುತ್ತಿರುತ್ತದೆ. ಅಂಗಡಿಗೆ ಬರುವವರು ನನ್ನನ್ನು ಕುಕ್ಕರ್ ಎಂದು ಕರೆಯುತ್ತಾರೆ. ಮೂರು ಸೀಟಿ ಹೊಡೆದ ಮೇಲೆ ಆರಿಸಬಹುದು ಅನ್ನುವುದು ಅವರ ತಮಾಷೆ.

ಈಗ ತಂಗಿ ಒಂಬತ್ತನೇ ಕ್ಲಾಸು ಮುಗಿಸಿ ಹತ್ತಕ್ಕೆ ಹೋಗುವವಳು. ಹತ್ತನೆಯದರ ಫೀಸು ಹತ್ತೊಂಬತ್ತು ಸಾವಿರದ ಇನ್ನೂರು. ಕೊನೆ ದಿನದೊಳಗೆ ಪೂರ್ತಿ ಕಟ್ಟದಿದ್ದರೆ ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿಲ್ಲ. ಒಂದು ಕಾಸು ಕಡಿಮೆಯಾದರೂ ಅದೇ ಕಿಟಕಿ, ಅದೇ ಹೊರಗೆ ನಿಲ್ಲುವುದು. ನನ್ನ ತಂಗಿ ಆ ಕಿಟಕಿಯ ಹೊರಗೆ ನಿಲ್ಲುವುದಾದರೆ ನಾನು ಇದ್ದೇನು ಪ್ರಯೋಜನ?

ಹಾಗಾಗಿ ಕೊನೆ ದಿನಕ್ಕೆ ಸರಿಯಾಗಿ ಎಂಟು ತಿಂಗಳಿರುವಾಗ ನಾನೊಂದು ಏರ್ಪಾಡು ಮಾಡಿದೆ. ಪಕ್ಕದ ಅಂಗಡಿಯ ಟೈಲರಿಗೆ ಹೇಳಿ ಪ್ಯಾಂಟಿನ ಉಳಿದ ಬಟ್ಟೆಯಲ್ಲಿ ಮೂರು ಚೀಲ ಹೊಲಿಸಿದೆ. ಒಂದು ಫೀಸು, ಒಂದು ಹಬ್ಬ, ಒಂದು ವಿಮೆ. ಲೆಕ್ಕ ಸರಳ: ಎಷ್ಟು ಕಟ್ಟಬೇಕೋ ಅದನ್ನು, ಅದು ಬರುವುದಕ್ಕೆ ಇನ್ನೆಷ್ಟು ವಾರ ಉಳಿದಿದೆಯೋ ಅದರಿಂದ ಭಾಗಿಸು. ವಾರವಾರ ಅಷ್ಟನ್ನು ಎತ್ತಿಡು. ದಿನ ಬಂದಾಗ ಚೀಲ ಬಿಚ್ಚು, ಕಟ್ಟು, ಮನೆಗೆ ಬಾ. ನಮ್ಮ ಅಂಗಡಿಗೆ ಮಂಗಳವಾರ ರಜೆ, ಆದ್ದರಿಂದ ಮಂಗಳವಾರ ಬೆಳಿಗ್ಗೆ ಕಾಫಿ ಆದ ಮೇಲೆ ಚೀಲಕ್ಕೆ ಹಾಕುವುದೆಂದು ಗೊತ್ತುಮಾಡಿದೆ. ಫೀಸಿಗೆ ಎಂಟು ತಿಂಗಳು, ಅಂದರೆ ಮೂವತ್ತೆರಡು ವಾರ, ವಾರಕ್ಕೆ ಆರುನೂರು. ಹಬ್ಬ ಇನ್ನೂ ಹತ್ತು ತಿಂಗಳ ಆಚೆ, ಒಂಬತ್ತು ಸಾವಿರದ ಆರುನೂರಕ್ಕೆ ನಲವತ್ತು ವಾರ, ಇನ್ನೂರ ನಲವತ್ತು. ಅಂಗಡಿ ವಿಮೆಯನ್ನು ಆಗಷ್ಟೇ ಕಟ್ಟಿದ್ದರಿಂದ ಅದಕ್ಕೆ ಪೂರ್ತಿ ವರ್ಷವಿತ್ತು, ನಲವತ್ತೆಂಟು ವಾರ, ವಾರಕ್ಕೆ ನೂರು ಸಾಕು. ಒಟ್ಟು ಒಂಬೈನೂರ ನಲವತ್ತು.

ಅಪ್ಪ ಆ ಚೀಟಿಯನ್ನು ಕನ್ನಡಕ ಏರಿಸಿ ಓದಿದ. ಮೂವತ್ತೆರಡು ಎಂಬಲ್ಲಿ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನನ್ನ ಮುಖ ನೋಡಿದ, ಚೀಟಿ ಮಡಿಸಿ ಕೊಟ್ಟ, ಭೇಷ್ ಎಂದ. ಅಷ್ಟೇ.

ಮೊದಲ ವರ್ಷ ಕಷ್ಟ ಎಂದು ನನಗೆ ಗೊತ್ತಿತ್ತು. ಹನ್ನೆರಡು ತಿಂಗಳಿಗೆ ಹರಡಬೇಕಾದ ಫೀಸನ್ನು ಎಂಟರಲ್ಲಿ ತುರುಕುತ್ತಿದ್ದೆವು. ಮುಂದಿನ ವರ್ಷದಿಂದ ಹಗುರಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಅಪ್ಪ ಬೀಡಿ ಅರ್ಧಕ್ಕಿಳಿಸಿದ. ಅಮ್ಮ ಹಾಲನ್ನು ಅರ್ಧ ಲೀಟರ್ ಕಮ್ಮಿ ಮಾಡಿ, ಚಹಾ ಕಪ್ಪಗಿದ್ದರೇ ಒಳ್ಳೆಯದಂತೆ ಎಂದು ಯಾರೂ ಕೇಳದಿದ್ದರೂ ಹೇಳತೊಡಗಿದಳು. ಚೀಲಗಳನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ಅವಳ ಹತ್ತಿರವೇ. ನಾನಂತೂ ಪ್ರತಿದಿನ ಸಂಜೆ ಅಂಗಡಿಯ ಗಲ್ಲಾಪೆಟ್ಟಿಗೆ ಎಣಿಸದೆ ಬಾಗಿಲು ಎಳೆಯುತ್ತಿರಲಿಲ್ಲ. ಆದರೆ ಚೀಲಗಳನ್ನು ಎಣಿಸುತ್ತಿರಲಿಲ್ಲ. ಹಾಕಿದ್ದು ಹಾಕಿದಂತೆ ಇರುತ್ತದೆ, ಮತ್ತೆ ಮತ್ತೆ ಬಿಚ್ಚಿ ನೋಡಿದರೆ ಆಸೆ ಹುಟ್ಟುತ್ತದೆ ಎನ್ನುವುದು ನನ್ನ ವಾದ.

ಹೀಗೆ ಏಳು ತಿಂಗಳು ಕಳೆಯಿತು. ಫೀಸಿಗೆ ಇನ್ನೊಂದೇ ತಿಂಗಳು.

ಅದು ಭಾನುವಾರ. ಭಾನುವಾರವೆಂದರೆ ನಮ್ಮ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಪ್ಪನ ಕುರ್ಚಿಯಲ್ಲಿ ಟೈಲರ್ ಕೂತಿದ್ದ, ಬೆಂಚಿನ ಮೇಲೆ ಇನ್ನೂ ನಾಲ್ಕು ಜನ. ಬ್ಲೇಡಿನ ಪೊಟ್ಟಣ ಮುಗಿಯಿತೆಂದು ನಾನು ಅಪ್ಪನ ಡ್ರಾಯರಿಗೆ ಕೈಹಾಕಿದೆ. ಬಾಚಣಿಗೆಗಳ ಕೆಳಗೆ ಒಂದು ರಸೀದಿ. ಅಮ್ಮನ ಆರೋಗ್ಯ ವಿಮೆ, ಸಾವಿರದ ಎಂಟುನೂರು, ಸಂದಾಯವಾಗಿದೆ, ಹಿಂದಿನ ಗುರುವಾರದ ತಾರೀಖು.

ಗಲ್ಲಾಪೆಟ್ಟಿಗೆಯಿಂದ ಅಷ್ಟು ಹೋಗಿರಲಿಲ್ಲ, ನನಗೆ ಗೊತ್ತು. ಅಂಗಡಿ ಬಾಡಿಗೆಯ ದುಡ್ಡನ್ನೂ ಮುಟ್ಟಿರಲಿಲ್ಲ. ಇನ್ನುಳಿದದ್ದು ಒಂದೇ ಜಾಗ.

ಎಲ್ಲಿಂದ ಕಟ್ಟಿದೆ ಎಂದು ಕೇಳಿದೆ. ಅಪ್ಪ ಟೈಲರನ ಕಿವಿಯ ಹಿಂದಿನ ಕೂದಲನ್ನು ಕತ್ತರಿಸುತ್ತ, ತಿರುಗಿ ಕೂಡ ನೋಡದೆ, "ಫೀಸಿನ ಚೀಲದಿಂದ" ಎಂದ.

ಆಮೇಲೆ ನಾನು ಆಡಿದ್ದನ್ನೆಲ್ಲ ಇಲ್ಲಿ ಬರೆಯಲು ಮನಸ್ಸಿಲ್ಲ. ಎಂಟನೇ ಕ್ಲಾಸಿನ ಕಿಟಕಿಯನ್ನು ಎತ್ತಿದೆ. ನನ್ನನ್ನು ಹೊರಗೆ ನಿಲ್ಲಿಸಿದ್ದು ಸಾಲಲಿಲ್ಲವೇ, ಈಗ ಅವಳನ್ನೂ ನಿಲ್ಲಿಸಬೇಕೇ ಎಂದೆ. ಇನ್ನೊಂದು ತಿಂಗಳಲ್ಲಿ ಸಾವಿರದ ಎಂಟುನೂರನ್ನು ಯಾರ ತಲೆ ಬೋಳಿಸಿ ತರುತ್ತೀಯ ಎಂದೆ. ಬೆಂಚಿನ ಮೇಲಿದ್ದ ನಾಲ್ಕೂ ಜನ ಒಂದೇ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಟೈಲರ್ ಮಾತ್ರ ಕನ್ನಡಿಯಲ್ಲಿ ನನ್ನನ್ನು ನೋಡಿ, "ಎರಡನೇ ಸೀಟಿ ಆಯ್ತು" ಎಂದ.

ಅಪ್ಪ ಅವನ ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದ. ಅವನು ಎದ್ದ ಮೇಲೆ ಕುರ್ಚಿಯನ್ನು ಒರೆಸಿದ. ಆಮೇಲೆ ನನ್ನ ಕಡೆ ನೋಡಿ, ಕೂತ್ಕೋ ಎಂದ. ನನ್ನ ಗಡ್ಡ ನಾಲ್ಕು ದಿನದ್ದಿತ್ತು. ಬೇಡ ಎಂದೆ. ಕೂತ್ಕೋ ಎಂದು ಇನ್ನೊಮ್ಮೆ, ಅದೇ ದನಿಯಲ್ಲಿ ಹೇಳಿದ. ಬೆಂಚಿನವರು ಕಾಯುತ್ತಿದ್ದರು, ಆದರೆ ಯಾರೂ ಸರದಿ ತಮ್ಮದು ಎನ್ನಲಿಲ್ಲ. ಕೂತೆ.

ಅಪ್ಪ ನೊರೆ ಎಬ್ಬಿಸಿ ಕೆನ್ನೆಗೆ, ಗದ್ದಕ್ಕೆ, ತುಟಿಯ ಮೇಲೆ ಬಳಿದ. ಕತ್ತಿಗೆ ಹೊಸ ಬ್ಲೇಡು ಹಾಕಿದ. ಎಡಗೈಯ ಹೆಬ್ಬೆರಳಿನಿಂದ ನನ್ನ ಗದ್ದವನ್ನು ಮೇಲಕ್ಕೆತ್ತಿ ಕತ್ತಿಯನ್ನು ಕಿವಿಯ ಹತ್ತಿರ ಇಟ್ಟ ಮೇಲೆ ನಿಧಾನವಾಗಿ ಮಾತು ಶುರುಮಾಡಿದ. ಆಗ ನನಗೆ ಅವನ ಉಪಾಯ ತಿಳಿಯಿತು. ಗಂಟಲ ಮೇಲೆ ಬ್ಲೇಡಿರುವಾಗ ಯಾವ ಕುಕ್ಕರೂ ಕೂಗುವುದಿಲ್ಲ.

ಅಮ್ಮನ ಮಂಡಿಯ ಚಿಕಿತ್ಸೆಗೆ ಆ ವಿಮೆಯಲ್ಲಿ ಮೂರು ವರ್ಷ ಕಾಯಬೇಕಂತೆ. ಎರಡು ವರ್ಷ ಆಗಿದೆ. ಕಟ್ಟುವ ದಿನ ದಾಟಿ, ಆಮೇಲೆ ಕೊಡುವ ಮೂವತ್ತು ದಿನದ ಗಡುವಿನಲ್ಲೂ ಇನ್ನು ಎರಡೇ ದಿನ ಉಳಿದಿತ್ತಂತೆ. ತಪ್ಪಿದ್ದರೆ ಆ ಎರಡು ವರ್ಷವೂ ನೀರಲ್ಲಿ ಹೋಗಿ ಮತ್ತೆ ಮೊದಲಿಂದ ಕಾಯಬೇಕಿತ್ತು. ಅಮ್ಮನೇ ಕಟ್ಟಬೇಡ, ಫೀಸು ಮೊದಲು ಎಂದು ಹಟ ಹಿಡಿದಳಂತೆ. ಬೀಗದ ಕೈ ಕೊಡಲು ಒಂದು ದಿನವಿಡೀ ಸತಾಯಿಸಿದಳಂತೆ.

"ನಿನ್ನ ಚೀಟೀಲಿ ಮೂರು ಚೀಲ ಇತ್ತು" ಎಂದ ಅಪ್ಪ. "ನಿಮ್ಮಮ್ಮಂದು ಇರಲಿಲ್ಲ. ನೀನು ಮರೆತಿದ್ದೆ. ನಾನೂ ಮರೆತಿದ್ದೆ ಅನ್ನು."

ನಾನು ಮೂಗಿನಿಂದ ಏನೋ ಸದ್ದು ಮಾಡಿದೆ. ಅಲ್ಲಾಡಬೇಡ ಎಂದ.

ಬಲಗೆನ್ನೆ ಮುಗಿಯುತ್ತ ಬಂದಿತ್ತು. ಈಗ ಅಪ್ಪ, ಏಳು ತಿಂಗಳಿಗೆ ನಿನ್ನ ಲೆಕ್ಕದ ಪ್ರಕಾರ ಚೀಲದಲ್ಲಿ ಎಷ್ಟಿರಬೇಕು ಎಂದು ಕೇಳಿದ. ನಾನು ಬಟ್ಟೆಯ ಕೆಳಗಿನಿಂದ ಕೈ ತೆಗೆದು, ನೊರೆಯನ್ನು ತುಟಿಯಿಂದ ಊದಿ, ಇಪ್ಪತ್ತೆಂಟು ವಾರ, ಹದಿನಾರು ಸಾವಿರದ ಎಂಟುನೂರು ಎಂದೆ. ಆದರೆ ಈಗ ಇರುವುದು ಹದಿನೈದೇ ಎಂದೂ ಸೇರಿಸಿದೆ.

"ಎಣಿಸಿದ್ಯಾ?"

ಇಲ್ಲ.

"ಹೋಗಿ ಎಣಿಸ್ಕೊಂಡು ಬಾ. ಹದಿನಾರು ಸಾವಿರದ ಎಂಟುನೂರಕ್ಕೆ ಒಂದು ಕಾಸು ಕಡಿಮೆ ಇದ್ರೆ ನನ್ನ ಮೀಸೆ ನೀನೇ ಬೋಳಿಸು." ಕತ್ತಿಯನ್ನು ಮಡಿಸಿಟ್ಟ.

ಎಡಗೆನ್ನೆಯ ನೊರೆ ಹಾಗೇ ಇತ್ತು. ಅಪ್ಪನ ಮೀಸೆಯೆಂದರೆ ಇಡೀ ಬೀದಿಗೆ ಗೊತ್ತಿರುವ ಮೀಸೆ. ಬೇರೆ ಹೊತ್ತಾಗಿದ್ದರೆ ಮುಖ ಮುಗಿಸಿ ಹೋಗುತ್ತಿದ್ದೆನೇನೋ. ಆ ಸಿಟ್ಟಿನಲ್ಲಿ ಕುತ್ತಿಗೆಯ ಬಟ್ಟೆಯನ್ನೂ ಬಿಚ್ಚದೆ, ಅರ್ಧ ಮುಖ ನುಣುಪು, ಅರ್ಧ ಮುಖ ಬಿಳಿ ಮಾಡಿಕೊಂಡು ಬೀದಿಗಿಳಿದೆ. ಮನೆ ಎರಡು ಓಣಿ ಆಚೆ. ತರಕಾರಿ ಗಾಡಿಯವನು ತೂಕ ಮಾಡುತ್ತಿದ್ದವನು ಹಾಗೇ ತಕ್ಕಡಿ ಹಿಡಿದು ನಿಂತ. ಒಂದು ನಾಯಿ ಸ್ವಲ್ಪ ದೂರ ಜೊತೆಗೆ ಬಂದು, ಯಾಕೋ ಬೇಡವೆನಿಸಿ ಹಿಂದೆ ಉಳಿಯಿತು.

ಮನೆಯಲ್ಲಿ ಅಮ್ಮ ನನ್ನ ಮುಖ ನೋಡಿದ ಕೂಡಲೇ ಎಲ್ಲ ಅರ್ಥಮಾಡಿಕೊಂಡಳು. ಸೆರಗಿನಿಂದ ಬೀಗದ ಕೈ ಬಿಚ್ಚಿ ಕೊಟ್ಟು, "ನಾನು ಬೇಡ ಅಂದೆ ಕಣಪ್ಪ" ಎಂದಳು. ಮಂಡಿ ಹಿಡಿದುಕೊಂಡು ನಿಂತಿದ್ದಳು. ಅದನ್ನು ನಾನು ನೋಡಬಾರದೆಂದು ಕೈಯನ್ನು ಬೇಗ ತೆಗೆದಳು.

ತಂಗಿ ಚಾಪೆಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವಳ ಪುಸ್ತಕವನ್ನು ಸರಿಸಿ ಚೀಲವನ್ನು ಸುರಿದೆ. ಎಣಿಸಿದೆ. ಹದಿನಾರು ಸಾವಿರದ ಎಂಟುನೂರು. ಮತ್ತೆ ಎಣಿಸಿದೆ. ಅಷ್ಟೇ. ಅವಳಿಗೂ ಎಣಿಸಲು ಹೇಳಿದೆ. ಅವಳು ಬೆರಳಿಗೆ ಎಂಜಲು ಹಚ್ಚದೆ, ಬ್ಯಾಂಕಿನವರ ಹಾಗೆ ಜೋಡಿಸಿ ಎಣಿಸಿ ಅಷ್ಟೇ ಎಂದಳು. ಸಾವಿರದ ಎಂಟುನೂರು ತೆಗೆದ ಚೀಲದಲ್ಲಿ, ತೆಗೆಯದಿದ್ದರೆ ಎಷ್ಟಿರಬೇಕೋ ಅಷ್ಟೇ ಇತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಸಿಕ್ಕದಿದ್ದಾಗ ಬರುವ ಸಿಟ್ಟು ಬೇರೆಯೇ.

ಯಾರಾದರೂ ಮೇಲೆ ಹಾಕಿದ್ದೀರಾ ಎಂದು ಕೇಳಿದೆ. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಎಲ್ಲಿಂದ ಹಾಕೋದು, ಹಾಲಿನ ದುಡ್ಡಿನಿಂದಲಾ ಎಂದಳು.

ತಂಗಿ ಎದ್ದು ಗೋಡೆಯ ಕ್ಯಾಲೆಂಡರನ್ನು, ಅದರ ಹಿಂದಿದ್ದ ಹೋದ ವರ್ಷದ್ದರ ಸಮೇತ, ಮೊಳೆಯಿಂದ ತೆಗೆದು ತಂದಳು. ನಾವು ಶುರುಮಾಡಿದ ಮಂಗಳವಾರದ ಮೇಲೆ ಬೆರಳಿಟ್ಟು, ಒಂದೊಂದೇ ಮಂಗಳವಾರಕ್ಕೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತ ಬಂದಳು. ಮೊದಲ ತಿಂಗಳಿನಲ್ಲಿ ಐದು ಚುಕ್ಕೆ ಬಿದ್ದವು. ಎರಡನೆಯದರಲ್ಲಿ ನಾಲ್ಕು. ಮೂರನೆಯದರಲ್ಲೂ ನಾಲ್ಕು. ನಾಲ್ಕನೆಯದರಲ್ಲಿ ಮತ್ತೆ ಐದು. ಅಲ್ಲಿಂದ ಮುಂದೆ ನಾನೂ ಅವಳ ಜೊತೆ ಎಣಿಸತೊಡಗಿದೆ.

"ಮೂವತ್ತೊಂದು ಅಣ್ಣ" ಎಂದಳು. "ನೀನು ತಿಂಗಳಿಗೆ ನಾಲ್ಕೇ ವಾರ ಅಂತ ಹಿಡಿದಿದ್ದೀಯ. ಫೆಬ್ರವರಿಗೆ ಮಾತ್ರ ಸರಿಯಾಗಿ ನಾಲ್ಕು ವಾರ. ಉಳಿದಿದ್ದಕ್ಕೆಲ್ಲ ಎರಡು ಮೂರು ದಿನ ಹೆಚ್ಚು."

ಮೂವತ್ತೊಂದು ಸಲ ಆರುನೂರು ಹಾಕಿದ್ದೆವು, ಹದಿನೆಂಟು ಸಾವಿರದ ಆರುನೂರು. ನನ್ನ ಚೀಟಿಯ ಪ್ರಕಾರ ಇಪ್ಪತ್ತೆಂಟೇ ಸಲ. ಮೂರು ಸಲದ ದುಡ್ಡು ಹೆಚ್ಚಿಗೆ ಬಿದ್ದಿತ್ತು. ಮೂರಾರಲ ಹದಿನೆಂಟು. ಅಪ್ಪ ತೆಗೆದದ್ದು ಅಷ್ಟನ್ನೇ, ಒಂದು ಕಾಸು ಹೆಚ್ಚಲ್ಲ, ಒಂದು ಕಾಸು ಕಮ್ಮಿಯಲ್ಲ. ಕೊನೆ ದಿನದೊಳಗೆ ಇನ್ನೂ ನಾಲ್ಕು ಮಂಗಳವಾರ ಬಾಕಿ. ಎರಡು ಸಾವಿರದ ನಾನೂರು ಸೇರಿದರೆ ಹತ್ತೊಂಬತ್ತು ಸಾವಿರದ ಇನ್ನೂರು. ಪೂರ್ತಿ ಫೀಸು.

ಕುಕ್ಕರಿನ ಕೆಳಗಿನ ಉರಿಯನ್ನು ಯಾರೋ ಆರಿಸಿದ ಹಾಗಾಯಿತು. ಮುಖದ ಮೇಲಿನ ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ಅಮ್ಮ ಸೆರಗಿನ ತುದಿಯಿಂದ ಒರೆಸಲು ಬಂದಳು. ಬೇಡ, ಅಪ್ಪನೇ ತೆಗೆಯಲಿ ಎಂದೆ.

ಹೋದಷ್ಟು ಜೋರಾಗಿ ವಾಪಸು ಬರಲಿಲ್ಲ. ಅಂಗಡಿಯೊಳಗೆ ಬಂದಾಗ ಬೆಂಚಿನವರ ಪೈಕಿ ಒಬ್ಬ ಅಪ್ಪನ ಕುರ್ಚಿಯಲ್ಲಿದ್ದ. ಟೈಲರ್ ಅಂಗಡಿಗೆ ಹೋಗದೆ ಮುರಿದ ಕುರ್ಚಿಯಲ್ಲಿ ಕೂತಿದ್ದ, ಮೀಸೆ ಹೋಗುತ್ತೋ ಉಳಿಯುತ್ತೋ ನೋಡಿಕೊಂಡೇ ಹೋಗುತ್ತೇನೆ ಎಂದನಂತೆ. ನಾನು ನನ್ನ ಕುರ್ಚಿಯಲ್ಲಿ ಹೋಗಿ ಕೂತೆ. ಅಪ್ಪ ಕೈಯಲ್ಲಿದ್ದ ಕೆಲಸ ಮುಗಿಸಿ ಬಂದ. ಬಿಸಿನೀರಿನ ಟವೆಲ್ಲನ್ನು ಎಡಗೆನ್ನೆಗೆ ಒತ್ತಿ ಒಣಗಿದ ನೊರೆ ತೆಗೆದ, ಹೊಸ ನೊರೆ ಬಳಿದ. ನಾನು ತಲೆಯನ್ನು ಹಿಂದಕ್ಕೆ ಒರಗಿಸಿ ಗಂಟಲು ಕೊಟ್ಟೆ. ನನಗೆ ತಪ್ಪೊಪ್ಪಿಕೊಳ್ಳಲು ಬರುವುದು ಅಷ್ಟೇ. ಅಪ್ಪನಿಗೆ ಅಷ್ಟು ಸಾಕಾಯಿತು.

"ಮೀಸೆ ಉಳೀತು" ಎಂದ ಟೈಲರ್, ಎದ್ದು ಹೋದ.

ನನ್ನ ಲೆಕ್ಕ ತಪ್ಪೆಂದು ಮೊದಲ ದಿನವೇ ಗೊತ್ತಿತ್ತಾ ಎಂದು ಅಪ್ಪನನ್ನು ಕೇಳಿದೆ. ನೊರೆಯಿಲ್ಲದ ಕಡೆಯಿಂದ, ಮೆಲ್ಲಗೆ.

"ಮೂವತ್ತು ವರ್ಷದಿಂದ ಮಂಗಳವಾರ ಬಾಗಿಲು ಹಾಕ್ತಿದೀನಿ ಕಣೋ" ಎಂದ ಅಪ್ಪ. "ಐದು ಮಂಗಳವಾರ ಬಿದ್ದ ತಿಂಗಳು ಒಂದು ದಿನದ ದುಡಿಮೆ ಕಮ್ಮಿ. ಬಾಡಿಗೆ ಮಾತ್ರ ಅಷ್ಟೇ. ಯಾವ ತಿಂಗಳಿಗೆ ನಾಲ್ಕು, ಯಾವುದಕ್ಕೆ ಐದು ಅಂತ ನಂಗೆ ಕ್ಯಾಲೆಂಡರ್ ಹೇಳಬೇಕಾ? ಹೊಟ್ಟೆ ಹೇಳುತ್ತೆ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ.

ಅಪ್ಪ ಕತ್ತಿಗಂಟಿದ ನೊರೆಯನ್ನು ಒರೆಸಿದ. ಆಮೇಲೆ, ತಪ್ಪು ಒಳ್ಳೇ ಕಡೆಗಿತ್ತು ಎಂದ. ಹೆಚ್ಚಿಗೆ ಬೀಳುವ ತಪ್ಪು. ಅದನ್ನು ತಿದ್ದಿದ್ದರೆ ಆ ಸಾವಿರದ ಎಂಟುನೂರು ಎಲ್ಲಿರುತ್ತಿತ್ತು? ಇನ್ನೂ ಏನೋ ಇತ್ತು, ಅದನ್ನು ಹೇಳಲು ಕನ್ನಡಿಯ ಕಡೆ ತಿರುಗಿದ. "ಶಾಲೆ ಬಿಟ್ಟ ಮೇಲೆ ನೀನು ಕೂತು ಲೆಕ್ಕ ಬರೆದಿದ್ದು ಅದೇ ಮೊದಲು. ಅಡ್ಡಗೆರೆ ಹಾಕೋಕೆ ಮನಸ್ಸಾಗಲಿಲ್ಲ."

ನಾನು ಮುಖ ತಿರುಗಿಸಬೇಕೆಂದುಕೊಂಡೆ, ಬ್ಲೇಡಿತ್ತು. ಕಣ್ಣು ಮುಚ್ಚಿದೆ. ಸೋಪಿನ ನೀರು ಕಣ್ಣಿಗೆ ಹೋಗಿತ್ತು ಎಂದೇ ಇಟ್ಟುಕೊಳ್ಳಿ.

ಹಾಗಂತ ನಾನು ಪೂರ್ತಿ ಸೋಲಲಿಲ್ಲ. ಹೇಳದೆ ತೆಗೆದದ್ದು ತಪ್ಪೇ ಎಂದೆ. ಏನೇ ತೆಗೆದರೂ ಎಷ್ಟು, ಯಾತಕ್ಕೆ, ಯಾವತ್ತು ಎಂದು ಚೀಟಿ ಬರೆದು ಅದೇ ಚೀಲಕ್ಕೆ ಹಾಕಬೇಕು ಎಂದೆ. ಅಪ್ಪ ಒಪ್ಪಿದ. ಅಮ್ಮನಿಗೂ ಒಂದು ಚೀಲ ಬೇಕು ಎಂದೆ. ಅದನ್ನೂ ಒಪ್ಪಿ, ಮುಂದಿನ ವರ್ಷಕ್ಕೂ ವರ್ಷವನ್ನು ನಲವತ್ತೆಂಟೇ ವಾರ ಅಂತ ಹಿಡಿ, ನಾಲ್ಕು ವಾರ ಸುಮ್ಮನೆ ಇರಲಿ, ಏನೇನು ಮರೆತಿರುತ್ತೇವೋ ಎಂದ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ತಪ್ಪು ಎಂದು ಗೊತ್ತಾದ ಮೇಲೂ ಅದನ್ನೇ ಬರೆಯುವುದು ಯಾವ ಸೀಮೆಯ ಲೆಕ್ಕ? ಐವತ್ತೆರಡು ಎಂದರೆ ಐವತ್ತೆರಡೇ ಎಂದೆ. ನಿನ್ನಿಷ್ಟ ಎಂದು ಅಪ್ಪ ನನ್ನ ಕೆನ್ನೆಗೆ ಪಟಿಕದ ಕಲ್ಲು ಉಜ್ಜಿದ, ಬೇಕೆಂದೇ ಸ್ವಲ್ಪ ಜೋರಾಗಿ.

ನಾಲ್ಕು ಮಂಗಳವಾರ ಕಳೆದವು. ಕೊನೆ ದಿನಕ್ಕೆ ಎರಡು ದಿನ ಮುಂಚೆ ನಾನೂ ತಂಗಿಯೂ ಶಾಲೆಗೆ ಹೋದೆವು. ಅದೇ ಕಿಟಕಿ. ಬಣ್ಣ ಮಾತ್ರ ಹೊಸದು. ನಾನು ಎಂಟನೇ ಕ್ಲಾಸಿನಲ್ಲಿ ನಿಂತಿದ್ದ ಕಂಬವೂ ಅಲ್ಲೇ ಇತ್ತು. ಈಗ ನನಗೆ ಎದೆಮಟ್ಟ ಎನಿಸಿದ ಕಿಟಕಿ ಆಗ ಎಷ್ಟು ಎತ್ತರವಿತ್ತು. ನಾನು ಚೀಲವನ್ನು ಹಿಡಿದುಕೊಂಡೇ ನಿಂತಿದ್ದೆ. ತಂಗಿ ಚೀಲವನ್ನು ನನ್ನಿಂದ ತೆಗೆದುಕೊಂಡು ತಾನೇ ಒಳಗೆ ಕೊಟ್ಟಳು. ಗುಮಾಸ್ತೆ ಕನ್ನಡಕದ ಮೇಲಿನಿಂದ ನೋಡಿ, ಎಣಿಸಿ, ಇನ್ನೊಮ್ಮೆ ಎಣಿಸಿ, ಠಪ್ಪೆಂದು ಮುದ್ರೆ ಒತ್ತಿದರು. ರಸೀದಿ ಹೊರಗೆ ಬಂತು. ಖಾಲಿ ಚೀಲವೂ ಬಂತು. ಅವಳ ಹೆಸರು ಪಟ್ಟಿಯಲ್ಲಿ ಸೇರಿದ್ದನ್ನು ನಾನು ಕಣ್ಣಾರೆ ನೋಡುವವರೆಗೂ ಕಿಟಕಿಯಿಂದ ಸರಿಯಲಿಲ್ಲ.

ಮುಂದಿನವರು ಎಂದರು ಗುಮಾಸ್ತೆ.

ನಾನು ಸರಿಯದೆ, ಹತ್ತರ ಮೇಲೆ ಹನ್ನೊಂದಕ್ಕೂ ಇಲ್ಲೇ ಕಟ್ಟುವುದಲ್ಲವೇ, ಅದಕ್ಕೆ ಎಷ್ಟಾಗುತ್ತದೆ, ಕೊನೆ ದಿನ ಯಾವುದು ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. ಈ ವರ್ಷದ್ದನ್ನೇ ಕೊನೆ ದಿನ ಓಡಿಬಂದು ಕಟ್ಟುತ್ತಾರೆ, ಮುಂದಿನ ವರ್ಷದ್ದನ್ನು ಕೇಳಿದವರನ್ನು ತಾವು ನೋಡಿಲ್ಲ ಎಂದರು. ಹನ್ನೊಂದಕ್ಕೂ ಇದೇ ಫೀಸು, ಇದೇ ತಾರೀಖು, ಮೇಲೆ ನೂರಕ್ಕೆ ಐದು ಹೆಚ್ಚಾಗಬಹುದು ಎಂದರು. ಅಂದರೆ ಇಪ್ಪತ್ತು ಸಾವಿರದ ನೂರ ಅರವತ್ತು. ಅದನ್ನು ಅವರ ಲೆಕ್ಕದ ಯಂತ್ರ ಹೇಳುವ ಮೊದಲೇ ತಂಗಿ ಹೇಳಿದಳು.

ಅವರ ಹಿಂದಿನ ಗೋಡೆಯ ಮೇಲೆ ವರ್ಷದ ಹನ್ನೆರಡು ತಿಂಗಳೂ ಒಂದೇ ಹಾಳೆಯಲ್ಲಿದ್ದ ದೊಡ್ಡ ಕ್ಯಾಲೆಂಡರು. ನಾನು ಕಿಟಕಿಗೆ ಮುಖ ಒತ್ತಿ ಮಂಗಳವಾರಗಳನ್ನು ಎಣಿಸತೊಡಗಿದೆ. ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬಳು, ನಮಗೂ ಮನೆಯಲ್ಲಿ ಕೆಲಸವಿದೆ ಕಣಪ್ಪ ಎಂದಳು. ತಂಗಿ ಅಂಗಿಯ ಚುಂಗು ಹಿಡಿದು ಎಳೆದಳು. ಐವತ್ತೆರಡಾಗುವವರೆಗೂ ನಾನು ಅಲ್ಲಾಡಲಿಲ್ಲ. ಆಮೇಲೆ ಗುಮಾಸ್ತೆಯ ಪೆನ್ನು ಕೇಳಿ ಈಸಿಕೊಂಡು, ಅಂಗೈಯ ಮೇಲೆ ಗುಣಿಸಿ ಭಾಗಿಸಿ, ರಸೀದಿಯ ಬೆನ್ನಿಗೆ ಬರೆದೆ: ವಾರಕ್ಕೆ ನಾನೂರ ಇಪ್ಪತ್ತು.

ತಂಗಿ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅದು ನಲವತ್ತೆಂಟರಿಂದ ಭಾಗಿಸಿದ್ರೆ ಬರೋದು ಅಣ್ಣ. ಐವತ್ತೆರಡರಿಂದ ಆದ್ರೆ ಮುನ್ನೂರ ಎಂಬತ್ತೆಂಟು ಸಾಕು."

"ಗೊತ್ತು ಕಣೇ" ಎಂದು ಪೆನ್ನನ್ನು ಕಿಟಕಿಯೊಳಗೆ ವಾಪಸು ಕೊಟ್ಟು, ಹಿಂದಿನವಳಿಗೆ ದಾರಿ ಬಿಟ್ಟೆ.